ವಿಮಾನ ತಡ, ಬ್ಯಾಗ್ ತಡ, ಕೊನೆಗೊಂದು ವೋಚರ್: ವಿಮರ್ಶೆಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ಒಂದೇ ಟಿಕೆಟ್‌ನಲ್ಲಿ ಎರಡು ವಿಮಾನಗಳ ವಿದೇಶ ಪ್ರಯಾಣ ಮಾಡಿದೆ. ಮಧ್ಯಾಹ್ನ 2:10ಕ್ಕೆ ಹೊರಟು ಸಂಜೆ 6:15ಕ್ಕೆ ಇಳಿಯಬೇಕಿದ್ದ ವಿಮಾನ 4:40ಕ್ಕೆ ಹೊರಟಿತು. ಹಾಗಾಗಿ ರಾತ್ರಿ 8:05ರ ಎರಡನೇ ವಿಮಾನ ತಪ್ಪಿತು. ಮರುದಿನ ಬೆಳಿಗ್ಗೆ 7:30ಕ್ಕೆ ಕಳಿಸಿದರು. ರಾತ್ರಿ 10:50ಕ್ಕೆ ತಲುಪಬೇಕಾದವನು ಬೆಳಿಗ್ಗೆ 10:15ಕ್ಕೆ ತಲುಪಿದೆ. ಬ್ಯಾಗ್ ಬಂದದ್ದು ಮೂರು ದಿನ ಬಿಟ್ಟು, ಅದೂ ಒಂದು ಚಕ್ರ ಮುರಿದು. ಅದು ಕೈಗೆ ಬಂದು ಈಗ ಐದು ದಿನ. ಕೌಂಟರ್‌ನಲ್ಲಿದ್ದವರು ಒರಟು, ವಿಮಾನದೊಳಗಿನವರು ತುಂಬಾ ಒಳ್ಳೆಯವರು. ರೀಫಂಡ್ ಕೇಳಿದರೆ "ನೀವು ಪ್ರಯಾಣ ಮಾಡಿದ್ದೀರಿ, ರೀಫಂಡ್ ಬರಲ್ಲ, ವೋಚರ್ ಕೊಡುತ್ತೇವೆ" ಅಂದರು. ವಿಮರ್ಶೆ ಬರೆಯಬೇಕು ಅಂತಿದ್ದೇನೆ. ಸಿಟ್ಟಲ್ಲಿ ಬರೆದದ್ದು ನನಗೇ ಸರಿ ಅನಿಸುತ್ತಿಲ್ಲ. ಹೇಗೆ ಬರೆಯಲಿ?

ಉತ್ತರ: ವಿಮರ್ಶೆ ಇವತ್ತು ಬೇಡ. ಇವತ್ತು ಬೇರೆ ಕೆಲಸ ಇದೆ. ಮುರಿದ ಚಕ್ರದ ಬಗ್ಗೆ ಕಂಪನಿಗೆ ಬರಹದಲ್ಲಿ ದೂರು ಕಳಿಸಿದ್ದೀರಾ? ಇಲ್ಲದಿದ್ದರೆ ಇದನ್ನು ಓದುವುದನ್ನು ನಿಲ್ಲಿಸಿ, ಫೋಟೋ ತೆಗೆದು ಈಗಲೇ ಕಳಿಸಿ. ವಿದೇಶ ಪ್ರಯಾಣಗಳಿಗೆ ಹೆಚ್ಚಿನ ದೇಶಗಳಲ್ಲಿ ಅನ್ವಯಿಸುವುದು 1999ರ ಮಾಂಟ್ರಿಯಲ್ ಒಪ್ಪಂದ. ಅದರ ಪ್ರಕಾರ ಬ್ಯಾಗ್ ಹಾಳಾಗಿದ್ದರೆ ಅದು ಕೈಗೆ ಬಂದ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ನಿಮ್ಮ ಹತ್ತಿರ ಉಳಿದಿರುವುದು ಎರಡೇ ದಿನ. ಅದೇ ಬ್ಯಾಗ್ ತಡವಾಗಿ ಬಂದದ್ದಕ್ಕೆ ಗಡುವು ಬೇರೆ, ಕೈಗೆ ಬಂದ ದಿನದಿಂದ 21 ದಿನ. ಒಂದೇ ಬ್ಯಾಗ್, ಎರಡು ದೂರು, ಎರಡು ಗಡುವು. ಇದು ಗೊತ್ತಿಲ್ಲದೆ ಎಷ್ಟೋ ಜನ ಎಲ್ಲ ಸೇರಿಸಿ ಒಂದೇ ಪತ್ರ ಬರೆಯೋಣ ಅಂತ ಕಾಯುತ್ತಾರೆ. ಚಕ್ರದ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ.

"ವಿಮಾನ ನಿಲ್ದಾಣದಲ್ಲೇ ಫಾರಂ ತುಂಬಿಸಿದ್ದೆನಲ್ಲ" ಅಂತ ನೀವು ಹೇಳಬಹುದು. ಬ್ಯಾಗ್ ಬರದಿದ್ದಾಗ ಸಾಮಾನು ಕೌಂಟರ್‌ನಲ್ಲಿ ಬರೆಸುವ ವರದಿ ಅದು, ಪಿಐಆರ್ ಅನ್ನುತ್ತಾರೆ. ಅದನ್ನು ಬರೆಸಿದ್ದು ಒಳ್ಳೆಯದೇ. ಆದರೆ ಬ್ಯಾಗ್ ಹುಡುಕಲು ಬೇಕಾದ ಕಾಗದ ಅದು. ಪರಿಹಾರ ಕೇಳುವುದು ಬೇರೆ ಪತ್ರದಲ್ಲಿ. ಅಲ್ಲದೆ ನೀವು ಅದನ್ನು ಬರೆಸಿದಾಗ ಬ್ಯಾಗ್ ಇನ್ನೂ ಬಂದೇ ಇರಲಿಲ್ಲ, ಚಕ್ರ ಮುರಿದ ವಿಷಯ ಅದರಲ್ಲಿ ಇರಲು ಸಾಧ್ಯವೇ ಇಲ್ಲ.

ಕಳಿಸಿದಿರಾ? ಸರಿ, ಈಗ ವಿಮರ್ಶೆಗೆ ಬರೋಣ.

ವಿಮಾನ ಕಂಪನಿಗಳ ದೂರು ವಿಭಾಗದ ಕೆಲಸವನ್ನು ನಾನು ಒಳಗಿನಿಂದ ನೋಡಿದ್ದೇನೆ. ಅಲ್ಲಿ ಬರುವ ಪತ್ರಗಳಲ್ಲಿ, ಹೊರಗೆ ಜನ ಬರೆಯುವ ವಿಮರ್ಶೆಗಳಲ್ಲಿ ಒಂದೇ ದೋಷ ಮತ್ತೆ ಮತ್ತೆ ಕಾಣುತ್ತದೆ. ತಡ, ಬ್ಯಾಗ್, ಸಿಬ್ಬಂದಿ, ಹಣ, ನಾಲ್ಕನ್ನೂ ಒಂದೇ ಸಿಟ್ಟಿನಲ್ಲಿ ಕಲಸಿಬಿಡುತ್ತಾರೆ. ನಾಲ್ಕೂ ಬೇರೆ ಬೇರೆ ಕೈಗಳಲ್ಲಿ ನಡೆಯುವ ಕೆಲಸ. ಒಂದರಲ್ಲಿ ಕಂಪನಿಯ ತಪ್ಪು ಇಲ್ಲದೇ ಇರಬಹುದು, ಇನ್ನೊಂದರಲ್ಲಿ ಪೂರ್ತಿ ಅವರದ್ದೇ ಇರಬಹುದು. ಓದುವವರಿಗೆ ಬೇಕಾಗಿರುವುದು ಈ ವ್ಯತ್ಯಾಸವೇ. ಮಂಜು ಕವಿದು ವಿಮಾನ ತಡವಾದರೆ ಯಾವ ಕಂಪನಿಯಾದರೂ ಅಷ್ಟೇ. ತಡವಾದ ಮೇಲೆ ಏನು ಮಾಡಿದರು ಅನ್ನುವುದರಲ್ಲೇ ಒಂದು ಕಂಪನಿಗೂ ಇನ್ನೊಂದಕ್ಕೂ ಅಂತರ ಇರುವುದು.

ತಡದ ಲೆಕ್ಕದಿಂದ ಶುರು ಮಾಡಿ. ನೀವು "ಎರಡೂವರೆ ಗಂಟೆ ತಡ" ಅಂತ ಬರೆಯಲು ಹೊರಟಿರಬಹುದು, ಹೆಚ್ಚಿನವರು ಹಾಗೇ ಬರೆಯುತ್ತಾರೆ. ಅದು ಮೊದಲ ವಿಮಾನ ಹೊರಟಾಗಿನ ತಡ. ನಿಮ್ಮ ನಿಜವಾದ ತಡ ಕೊನೆಯ ಊರು ತಲುಪಿದಾಗಿನದ್ದು. ರಾತ್ರಿ 10:50ರ ಬದಲು ಬೆಳಿಗ್ಗೆ 10:15, ಅಂದರೆ 11 ಗಂಟೆ 25 ನಿಮಿಷ. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇದ್ದದ್ದರಿಂದ ಈ ಲೆಕ್ಕ ನಿಲ್ಲುತ್ತದೆ. ಅದನ್ನು ವಿಮರ್ಶೆಯಲ್ಲಿ ಬರೆಯಲೇಬೇಕು. ಬೇರೆ ಬೇರೆ ಟಿಕೆಟ್ ತಗೊಂಡು ನೀವೇ ಜೋಡಿಸಿಕೊಂಡ ಪ್ರಯಾಣವಾಗಿದ್ದರೆ ಎರಡನೇ ಕಂಪನಿಯ ದೃಷ್ಟಿಯಲ್ಲಿ ನೀವು ವಿಮಾನ ಹತ್ತಲು ಬಾರದ ಪ್ರಯಾಣಿಕ, ಅಷ್ಟೇ.

ಯಾವ ಗಳಿಗೆಯನ್ನು "ತಲುಪಿದ ಸಮಯ" ಅನ್ನಬೇಕು ಅನ್ನುವುದರಲ್ಲೂ ಗೊಂದಲ ಇದೆ. ಚಕ್ರ ನೆಲಕ್ಕೆ ತಾಗಿದ್ದೋ, ನಿಲುಗಡೆಗೆ ಬಂದದ್ದೋ, ಬಾಗಿಲು ತೆರೆದದ್ದೋ? ಈ ಪ್ರಶ್ನೆ ಐರೋಪ್ಯ ನ್ಯಾಯಾಲಯದವರೆಗೆ ಹೋಗಿತ್ತು. ಕನಿಷ್ಠ ಒಂದು ಬಾಗಿಲು ತೆರೆದು ಪ್ರಯಾಣಿಕರು ಇಳಿಯಬಹುದಾದ ಗಳಿಗೆಯೇ ತಲುಪಿದ ಸಮಯ ಅಂತ ಅದು 2014ರಲ್ಲಿ ತೀರ್ಪು ಕೊಟ್ಟಿತು. ನೀವೂ ಅದನ್ನೇ ಹಿಡಿಯಿರಿ. ಹೊರಡುವ ಕಡೆ ಇದರ ಉಲ್ಟಾ ಇರುತ್ತದೆ. ವಿಮಾನ ನಿಂತ ಜಾಗದಿಂದ ಹಿಂದಕ್ಕೆ ಸರಿದರೆ ಸಾಕು, ದಾಖಲೆಯಲ್ಲಿ "ಹೊರಟಿತು" ಅಂತಾಗುತ್ತದೆ. ಆಮೇಲೆ ರನ್‌ವೇ ಪಕ್ಕದಲ್ಲಿ ಒಂದು ಗಂಟೆ ಕೂತರೂ ಹೊರಟ ಸಮಯ ಬದಲಾಗುವುದಿಲ್ಲ. ಇನ್ನೊಂದು ವಿಷಯ, 15 ನಿಮಿಷದೊಳಗಿನ ತಡವನ್ನು ಈ ಉದ್ಯಮದಲ್ಲಿ "ಸಮಯಕ್ಕೆ ಸರಿಯಾಗಿ" ಅಂತಲೇ ಲೆಕ್ಕ ಹಾಕುತ್ತಾರೆ. ಹಾಗಾಗಿ ಕಂಪನಿ ಹೇಳುವ ಸಮಯಕ್ಕೂ ನಿಮ್ಮ ಗಡಿಯಾರಕ್ಕೂ ಹೊಂದಿಕೆ ಆಗದಿದ್ದರೆ ಸುಳ್ಳು ಹೇಳುತ್ತಿದ್ದಾರೆ ಅಂತ ತಕ್ಷಣ ಬರೆಯಬೇಡಿ. ಇಬ್ಬರೂ ಬೇರೆ ಬೇರೆ ಗಳಿಗೆಯನ್ನು ಅಳೆಯುತ್ತಿರಬಹುದು.

ಇನ್ನು ಕಾರಣ. "ಕಾರ್ಯಾಚರಣೆಯ ಕಾರಣಗಳಿಂದ" ಅಂತ ಹೇಳಿದರೆ ಏನೂ ಹೇಳಿದಂತಲ್ಲ. ಪ್ರತಿ ತಡಕ್ಕೂ ಒಳಗೆ ಎರಡಂಕಿಯ ಒಂದು ಸಂಕೇತ ಬರೆದಿಟ್ಟಿರುತ್ತಾರೆ. ತಾಂತ್ರಿಕ ದೋಷಕ್ಕೆ ಒಂದು, ಹವಾಮಾನಕ್ಕೆ ಒಂದು, ಸಿಬ್ಬಂದಿ ತಡವಾದರೆ ಇನ್ನೊಂದು. ತುಂಬಾ ಸಲ ಕಾಣುವುದು 93. ಆ ವಿಮಾನವೇ ಹಿಂದಿನ ಊರಿನಿಂದ ತಡವಾಗಿ ಬಂತು ಅಂತ ಅದರ ಅರ್ಥ. ಇದು ಅರ್ಧ ಉತ್ತರ ಮಾತ್ರ, ಯಾಕೆಂದರೆ ಅಲ್ಲಿ ಯಾಕೆ ತಡವಾಯ್ತು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಕಾರಣವನ್ನು ಬರಹದಲ್ಲಿ ಕೇಳಿ. ನೀವೇ ಸ್ವಲ್ಪ ನೋಡಿಕೊಳ್ಳಲೂಬಹುದು. ವಿಮಾನಗಳ ಹಾದಿ ತೋರಿಸುವ ತಾಣಗಳಲ್ಲಿ ನಿಮ್ಮ ವಿಮಾನದ ನೋಂದಣಿ ಸಂಖ್ಯೆ ಸಿಗುತ್ತದೆ. ಅದೇ ವಿಮಾನ ಬೆಳಿಗ್ಗೆಯಿಂದ ಎಲ್ಲೆಲ್ಲಿ ಹಾರಿತು, ಎಲ್ಲಿ ಸಮಯ ಕಳೆದುಕೊಂಡಿತು ಅಂತ ಅಲ್ಲಿ ಕಾಣುತ್ತದೆ. ಹವಾಮಾನ ಅಂತ ಹೇಳಿದ್ದರೆ ಅದೇ ಹೊತ್ತಿನಲ್ಲಿ ಅದೇ ನಿಲ್ದಾಣದಿಂದ ಹೊರಟ ಬೇರೆ ಕಂಪನಿಗಳ ವಿಮಾನಗಳನ್ನೂ ನೋಡಿ. ಅವೆಲ್ಲ ಸಮಯಕ್ಕೆ ಹೋಗಿದ್ದರೆ ಅನುಮಾನ ಪಡಬಹುದು. ಆದರೆ ಅನುಮಾನ ಅಂತಲೇ ಬರೆಯಿರಿ. ಹವಾಮಾನ ಕೆಟ್ಟದ್ದು ಆ ವಿಮಾನ ಬರಬೇಕಾದ ಊರಿನಲ್ಲೂ ಆಗಿರಬಹುದು, ಅಲ್ವಾ?

ತಡದ ಬಗ್ಗೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಕಾರಣವೂ ಅಲ್ಲ, ಗಂಟೆಯೂ ಅಲ್ಲ. ಯಾವಾಗ ಹೇಳಿದರು ಅನ್ನುವುದು. ಅರ್ಧ ಗಂಟೆ ತಡ, ಇನ್ನರ್ಧ ಗಂಟೆ, ಮತ್ತೂ ಅರ್ಧ ಗಂಟೆ ಅಂತ ಎಳೆದರೆ ಪ್ರಯಾಣಿಕ ಬೇರೆ ದಾರಿ ನೋಡಿಕೊಳ್ಳಲು ಆಗುವುದಿಲ್ಲ, ಊಟಕ್ಕೂ ಹೋಗಲಾರ, ಸುಮ್ನೆ ಗೇಟ್ ಮುಂದೆ ಕೂತಿರುತ್ತಾನೆ. ನಿಮ್ಮ ಎರಡು ವಿಮಾನಗಳ ನಡುವೆ ಇದ್ದದ್ದು 1 ಗಂಟೆ 50 ನಿಮಿಷ. ಮೊದಲನೆಯದರ ತಡ ಅದನ್ನು ದಾಟುತ್ತದೆ ಅಂತ ಗೊತ್ತಾದ ಕ್ಷಣದಲ್ಲೇ ಎರಡನೆಯದು ತಪ್ಪುತ್ತದೆ ಅಂತ ಕಂಪನಿಯ ಕಂಪ್ಯೂಟರಿಗೂ ಗೊತ್ತಾಗುತ್ತದೆ. ಒಳ್ಳೆಯ ಕಂಪನಿ ನೀವು ಇನ್ನೂ ಮೊದಲ ಊರಿನಲ್ಲಿ ಇರುವಾಗಲೇ ಹೊಸ ಟಿಕೆಟ್ ಮಾಡಿ ಮೆಸೇಜ್ ಕಳಿಸಿರುತ್ತದೆ. ನಿಮಗೆ ಯಾವಾಗ ಹೇಳಿದರು? ಹೊರಡುವ ಮೊದಲೋ, ಇಳಿದ ಮೇಲೋ, ಅಥವಾ ಸರತಿಯಲ್ಲಿ ನಿಂತು ನೀವೇ ಕೇಳಿದಾಗಲೋ? ವಿಮರ್ಶೆಯಲ್ಲಿ ಈ ಸಾಲು ಇದ್ದರೆ ಓದುವವರಿಗೆ ಕಂಪನಿ ಹೇಗಿದೆ ಅಂತ ತಿಳಿದುಬಿಡುತ್ತದೆ.

ರಾತ್ರಿ ಎಲ್ಲಿ ಕಳೆದಿರಿ ಅನ್ನುವುದನ್ನೂ ಬರೆಯಿರಿ. ಹೋಟೆಲ್ ಕೊಟ್ಟರೋ, ಊಟದ ಕೂಪನ್ ಕೊಟ್ಟರೋ, ಕೇಳದೆ ಕೊಟ್ಟರೋ ಕೇಳಿದ ಮೇಲೋ. ಯುರೋಪಿನ ನಿಯಮದಲ್ಲಿ ಈ ನೋಡಿಕೊಳ್ಳುವ ಹೊಣೆ ಕಂಪನಿಯ ಕೈಮೀರಿದ ಕಾರಣ ಇದ್ದರೂ ತಪ್ಪುವುದಿಲ್ಲ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿಯಿಂದ ವಿಮಾನಗಳು ನಿಂತಾಗಲೂ ಊಟ, ವಸತಿ ಕೊಡಬೇಕಿತ್ತು ಅಂತ ನ್ಯಾಯಾಲಯ ಹೇಳಿತು. ಬೇರೆ ಕಡೆ ನಿಯಮ ಬೇರೆ. ಏನೇ ಇರಲಿ, ನಡೆದದ್ದನ್ನು ಬರೆದರೆ ಓದುವವರಿಗೆ ಸಾಕು.

ಈಗ ಬ್ಯಾಗ್. ನಿಮ್ಮ ಪ್ರಯಾಣದಲ್ಲಿ ನನ್ನ ಗಮನ ಸೆಳೆದದ್ದು ಇದೇ. "ವಿಮಾನ ತಡವಾಯ್ತು, ಆದ್ದರಿಂದ ಬ್ಯಾಗ್ ತಪ್ಪಿತು" ಅಂತ ಅವರೂ ಹೇಳುತ್ತಾರೆ, ನೀವೂ ಒಪ್ಪಿಕೊಂಡ ಹಾಗಿದೆ. ಒಪ್ಪಬೇಡಿ. ಎರಡು ವಿಮಾನಗಳ ನಡುವೆ ನಲವತ್ತು ನಿಮಿಷ ಮಾತ್ರ ಇದ್ದು, ನೀವು ಓಡಿ ಹತ್ತಿ, ಬ್ಯಾಗ್ ಹಿಂದೆ ಉಳಿದಿದ್ದರೆ ಆ ಮಾತು ಸರಿ. ಬ್ಯಾಗ್ ಇಳಿಸಿ, ವಿಂಗಡಿಸಿ, ಬೇರೆ ವಿಮಾನಕ್ಕೆ ಒಯ್ಯಲು ಸಮಯ ಬೇಕು. ಆದರೆ ನಿಮ್ಮ ಮೊದಲ ವಿಮಾನ ಇಳಿದದ್ದು ರಾತ್ರಿ ಒಂಬತ್ತರ ಒಳಗೆ ಇರಬೇಕು, ಮುಂದಿನದು ಬೆಳಿಗ್ಗೆ 7:30ಕ್ಕೆ. ಇಡೀ ರಾತ್ರಿ ಬ್ಯಾಗ್ ಅದೇ ನಿಲ್ದಾಣದಲ್ಲಿ ಇತ್ತು. ಆದರೂ ನಿಮ್ಮ ಜೊತೆ ಬರಲಿಲ್ಲ. ತಡವಾದ ವಿಮಾನಕ್ಕೂ ಇದಕ್ಕೂ ಸಂಬಂಧ ತೀರಾ ಕಡಿಮೆ. ಇದು ಬೇರೆಯೇ ವೈಫಲ್ಯ.

ಸಾಮಾನ್ಯವಾಗಿ ಆಗುವುದು ಹೀಗೆ. ಬ್ಯಾಗಿಗೆ ಕಟ್ಟುವ ಪಟ್ಟಿಯಲ್ಲಿ ಹತ್ತು ಅಂಕಿಯ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಓದಿದ ಯಂತ್ರ, ಈ ಬ್ಯಾಗ್ ಯಾವ ವಿಮಾನಕ್ಕೆ ಅಂತ ಕಂಪ್ಯೂಟರನ್ನು ಕೇಳುತ್ತದೆ. ನಿಮ್ಮ ಟಿಕೆಟ್ಟನ್ನು ಬೆಳಗಿನ ವಿಮಾನಕ್ಕೆ ಬದಲಿಸಿದವರು ಬ್ಯಾಗಿನ ದಾಖಲೆಯನ್ನೂ ಬದಲಿಸಿದ್ದರೆ ಅದು ನಿಮ್ಮ ಹಿಂದೆಯೇ ಬರುತ್ತಿತ್ತು. ಬದಲಿಸದಿದ್ದರೆ ಯಂತ್ರಕ್ಕೆ ಅದು ಇನ್ನೂ ಹಾರಿಹೋದ ವಿಮಾನದ ಬ್ಯಾಗ್. ಹೋಗಲು ಜಾಗ ಇಲ್ಲದೆ ಒಂದು ಮೂಲೆಯಲ್ಲಿ ಕೂರುತ್ತದೆ, ಯಾರಾದರೂ ಕೈಯಾರೆ ಎತ್ತಿ ನೋಡುವವರೆಗೆ. ಆಮೇಲೆ ಅದಕ್ಕೆ ಹೊಸ ಪಟ್ಟಿ ಹಾಕಿ ಕಳಿಸುತ್ತಾರೆ. ನಿಮ್ಮ ಬ್ಯಾಗಿನ ಮೇಲೆ ಈಗಲೂ ಪಟ್ಟಿ ಇದ್ದರೆ ನೋಡಿ, "ರಶ್" ಅಂತ ದೊಡ್ಡದಾಗಿ ಅಚ್ಚಾಗಿರಬಹುದು. ಯಜಮಾನ ಜೊತೆಗಿಲ್ಲದೆ ಒಂಟಿಯಾಗಿ ಬಂದ ಬ್ಯಾಗಿನ ಗುರುತು ಅದು. ಅದರ ಮೇಲೆ ವಿಮಾನದ ಸಂಖ್ಯೆ, ದಿನಾಂಕವೂ ಇರುತ್ತದೆ. ಬ್ಯಾಗ್ ಯಾವತ್ತು ಹೊರಟಿತು ಅಂತ ಕಂಪನಿ ಹೇಳದಿದ್ದರೂ ಆ ಪಟ್ಟಿ ಹೇಳುತ್ತದೆ. ಹರಿದು ಎಸೆಯಬೇಡಿ.

ಕಂಪನಿಯ ಹತ್ತಿರ ಬ್ಯಾಗಿನ ಹಾದಿಯ ದಾಖಲೆಯೂ ಇರಬೇಕು. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಯಾಟಾ ತನ್ನ 753ನೇ ನಿರ್ಣಯವನ್ನು 2018ರ ಜೂನ್‌ನಲ್ಲಿ ಜಾರಿಗೆ ತಂದಿತು. ನಾಲ್ಕು ಕಡೆ ಬ್ಯಾಗಿನ ಲೆಕ್ಕ ಇಡಬೇಕು ಅಂತ ಅದು ಹೇಳುತ್ತದೆ: ನಿಮ್ಮಿಂದ ಪಡೆದಾಗ, ವಿಮಾನಕ್ಕೆ ಏರಿಸಿದಾಗ, ಬದಲಾವಣೆಯ ಜಾಗಕ್ಕೆ ಒಪ್ಪಿಸಿದಾಗ, ನಿಮಗೆ ಮರಳಿಸಿದಾಗ. ಪತ್ರದಲ್ಲಿ ಇದನ್ನೇ ಕೇಳಿ. "ಮೊದಲ ವಿಮಾನದಿಂದ ಬ್ಯಾಗ್ ಎಷ್ಟು ಹೊತ್ತಿಗೆ ಇಳಿಯಿತು, ಬೆಳಗಿನ ವಿಮಾನಕ್ಕೆ ಯಾಕೆ ಏರಲಿಲ್ಲ?" ಇಷ್ಟೇ. ಉತ್ತರ ಬಂದರೆ ವಿಮರ್ಶೆಯಲ್ಲಿ ಹಾಕಿ. ಬರದಿದ್ದರೆ ಕೇಳಿದ್ದೆ, ಬರಲಿಲ್ಲ ಅಂತ ಹಾಕಿ.

ಚಕ್ರದ ವಿಷಯದಲ್ಲಿ ನಿಮಗೆ ಬರಬಹುದಾದ ಉತ್ತರ ನನಗೆ ಗೊತ್ತು. "ಚಕ್ರ, ಹಿಡಿಕೆಗಳು ಬಳಕೆಯಿಂದ ಸವೆಯುವಂಥವು, ನಮ್ಮ ಷರತ್ತುಗಳಲ್ಲಿ ಅದಕ್ಕೆ ಪರಿಹಾರ ಇಲ್ಲ" ಅನ್ನುತ್ತಾರೆ. ಗೀಚು, ಕಲೆ, ಸಣ್ಣ ತಗ್ಗು ಇದ್ದರೆ ಆ ಮಾತಿಗೆ ಬೆಲೆ ಇದೆ. ಆದರೆ ಮಾಂಟ್ರಿಯಲ್ ಒಪ್ಪಂದ ಕಂಪನಿಗೆ ವಿನಾಯಿತಿ ಕೊಡುವುದು ಬ್ಯಾಗಿನಲ್ಲೇ ಮೊದಲಿನಿಂದ ಇದ್ದ ದೋಷದಿಂದ, ಅದರ ಗುಣಮಟ್ಟದಿಂದ ಹಾನಿ ಆಗಿದ್ದರೆ ಮಾತ್ರ, ಅದೂ ಅಷ್ಟರ ಮಟ್ಟಿಗೆ. ಚಕ್ರ ಅನ್ನುವ ಒಂದೇ ಕಾರಣಕ್ಕೆ ಪೂರ್ತಿ ಕೈತೊಳೆದುಕೊಳ್ಳಲು ಅದರಲ್ಲಿ ಅವಕಾಶ ಇಲ್ಲ. ಹಾಗಾಗಿ ಫೋಟೋದಲ್ಲಿ ಮುರಿದ ಜಾಗ ಹತ್ತಿರದಿಂದ ಕಾಣಲಿ. ಗೂಡಿನ ಸಮೇತ ಕಿತ್ತು ಬಂದಿದ್ದರೆ ಅದು ಪೆಟ್ಟು. ರಬ್ಬರ್ ತೆಳ್ಳಗಾಗಿ ಬಿರುಕು ಬಿಟ್ಟಿದ್ದರೆ ಅದು ಸವೆತ. ವಿಮರ್ಶೆಯಲ್ಲೂ ಯಾವುದು ಅಂತ ಪ್ರಾಮಾಣಿಕವಾಗಿ ಬರೆಯಿರಿ. ಬ್ಯಾಗ್ ತುಂಬಾ ಹಳೆಯದಾಗಿದ್ದರೆ ಅದನ್ನೂ.

ಮೂರು ದಿನ ಬ್ಯಾಗ್ ಇಲ್ಲದೆ ನೀವು ಕೊಂಡ ಬಟ್ಟೆ, ಸೋಪು, ಔಷಧಿಯ ರಸೀದಿ ಇದ್ದರೆ ಆ ಹಣ ಕೇಳಬಹುದು. ಒಪ್ಪಂದದಲ್ಲಿ ಬ್ಯಾಗಿಗೆ ಸಂಬಂಧಿಸಿದ ಹೊಣೆಗೆ ಒಬ್ಬ ಪ್ರಯಾಣಿಕನಿಗೆ ಒಂದು ಮಿತಿ ಇದೆ. 2024ರ ಡಿಸೆಂಬರ್ 28ರಿಂದ ಅದು 1,519 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ನಿಮ್ಮ ಹಣದಲ್ಲಿ ಎಷ್ಟು ಅಂತ ಆ ದಿನದ ದರದಲ್ಲಿ ನೋಡಬೇಕು. ಇದು ಮೇಲಿನ ಗೆರೆ ಮಾತ್ರ. ಬ್ಯಾಗ್ ತಡವಾದವರಿಗೆಲ್ಲ ಅಷ್ಟು ಕೊಡುತ್ತಾರೆ ಅಂತಲ್ಲ, ನಿಮಗೆ ಆದ ನಷ್ಟ ಎಷ್ಟೋ ಅಷ್ಟು. ಇದನ್ನು ತಪ್ಪು ತಿಳಿದು "ಕಂಪನಿ ನನ್ನ ದುಡ್ಡು ನುಂಗಿತು" ಅಂತ ಬರೆದ ವಿಮರ್ಶೆಗಳು ಜಾಸ್ತಿ ಇವೆ. ಅಂಥ ಒಂದು ಸಾಲಿನಿಂದ ಉಳಿದ ನಿಜವಾದ ದೂರೂ ಹಗುರವಾಗಿಬಿಡುತ್ತದೆ.

ಸಿಬ್ಬಂದಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಒಂದೆರಡು ಮಾತು ಸಾಕು. "ಒರಟು" ಅಂತ ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. ನೀವು ಏನು ಕೇಳಿದಿರಿ, ಅವರು ಏನು ಅಂದರು, ಅದನ್ನೇ ಬರೆಯಿರಿ. "ಬ್ಯಾಗ್ ಎಲ್ಲಿದೆ ಅಂತ ಕೇಳಿದೆ. ತಲೆ ಎತ್ತದೆ, ಆಪ್‌ನಲ್ಲಿ ನೋಡಿಕೊಳ್ಳಿ ಅಂದರು" ಅಂತ ಇದ್ದರೆ ಒರಟುತನ ತಾನಾಗಿ ಕಾಣುತ್ತದೆ, ವಿಶೇಷಣ ಬೇಡ. ಕೌಂಟರ್‌ನಲ್ಲಿ ಇದ್ದವರು ಯಾರು ಅನ್ನುವುದನ್ನೂ ಯೋಚಿಸಿ. ಎಷ್ಟೋ ನಿಲ್ದಾಣಗಳಲ್ಲಿ ಚೆಕ್-ಇನ್, ಗೇಟ್, ಸಾಮಾನು ಕೌಂಟರ್ ಎಲ್ಲ ಗುತ್ತಿಗೆ ಸಂಸ್ಥೆಯವರ ಕೈಯಲ್ಲಿ ಇರುತ್ತದೆ. ಒಂದೇ ದಿನ ಮೂರ್ನಾಲ್ಕು ಕಂಪನಿಗಳ ಕೆಲಸ ಮಾಡುವವರೂ ಇದ್ದಾರೆ. ನಿಮ್ಮ ಮಟ್ಟಿಗೆ ಹೊಣೆ ಕಂಪನಿಯದ್ದೇ, ಅದರಲ್ಲಿ ಬದಲಿಲ್ಲ. ಆದರೆ "ಈ ಕಂಪನಿಯವರೆಲ್ಲ ಹೀಗೇ" ಅನ್ನುವ ಬದಲು "ಈ ನಿಲ್ದಾಣದ ಬದಲಾವಣೆ ಕೌಂಟರ್‌ನಲ್ಲಿ ಹೀಗಾಯಿತು" ಅಂತ ಬರೆದರೆ ನಿಖರವಾಗಿರುತ್ತದೆ, ಅದೇ ನಿಲ್ದಾಣದಲ್ಲಿ ವಿಮಾನ ಬದಲಿಸುವವರಿಗೆ ಉಪಯೋಗವೂ ಆಗುತ್ತದೆ.

ವಿಮಾನದೊಳಗಿನವರ ಕೈಯಲ್ಲಿ ನಿಮ್ಮ ಮುಂದಿನ ಟಿಕೆಟ್ ಬದಲಿಸುವುದು ಇರುವುದಿಲ್ಲ, ಬ್ಯಾಗ್ ಎಲ್ಲಿದೆ ಅನ್ನುವುದೂ ಅವರಿಗೆ ಕಾಣುವುದಿಲ್ಲ. ಅವರನ್ನು ಅಳೆಯಬೇಕಾದದ್ದು ಗೊತ್ತಿದ್ದದ್ದನ್ನು ಹೇಳಿದರೋ ಇಲ್ಲವೋ ಅನ್ನುವುದರಲ್ಲಿ. ನಿಮಗೆ ಒಳ್ಳೆಯವರು ಸಿಕ್ಕಿದ್ದಾರೆ. ಅವರು ಏನು ಮಾಡಿದರು ಅಂತ ಅಷ್ಟೇ ವಿವರವಾಗಿ ಬರೆಯಿರಿ. ಹೆಸರು ಮಾತ್ರ ಸಾರ್ವಜನಿಕವಾಗಿ ಬೇಡ, ಹೊಗಳಿಕೆಯಾದರೂ ಬೇಡ, ಬೈಗುಳವಾದರೂ ಬೇಡ. ಕಂಪನಿಗೆ ಬರೆಯುವ ಪತ್ರದಲ್ಲಿ ವಿಮಾನ ಸಂಖ್ಯೆ, ದಿನಾಂಕ, ಸೀಟು, ಹೆಸರು ಹಾಕಿ. ಹಾಗೆ ಹಾಕಿದರೆ ಅವರನ್ನು ಗುರುತಿಸಲು ಆಗುತ್ತದೆ.

ಕೊನೆಯದು ಹಣ. ಇಲ್ಲಿ ನಿಮಗೆ ಹಿಡಿಸದ ಒಂದು ಮಾತು ಹೇಳಬೇಕು. "ಪ್ರಯಾಣ ಮಾಡಿದ್ದೀರಿ, ರೀಫಂಡ್ ಬರಲ್ಲ" ಅಂತ ಅವರು ಹೇಳಿದ್ದು ಮಾತಿನ ಮಟ್ಟಿಗೆ ಸರಿಯೇ. ರೀಫಂಡ್ ಅಂದರೆ ಬಳಸದ ಟಿಕೆಟ್ಟಿನ ಹಣ ವಾಪಸ್. ವಿಮಾನ ರದ್ದಾಗಿಯೋ, ತುಂಬಾ ತಡವಾಗಿಯೋ ನೀವು ಹೋಗುವುದೇ ಬೇಡ ಅಂತ ಬಿಟ್ಟಿದ್ದರೆ ಅದು ನಿಮ್ಮ ಹಕ್ಕಾಗುತ್ತಿತ್ತು. ನೀವು ಬೆಳಗಿನ ವಿಮಾನ ಒಪ್ಪಿ ಹೋದಿರಿ. ದೂರು ವಿಭಾಗದಲ್ಲಿ ಕೂತವರ ಪರದೆಯ ಮೇಲೆ ನಿಮ್ಮ ಟಿಕೆಟ್ "ಬಳಸಿದ್ದು" ಅಂತ ತೋರಿಸುತ್ತದೆ. ರೀಫಂಡ್ ಅನ್ನುವ ಒಂದು ಪದ ಓದಿ, ಅದಕ್ಕೆ ಉತ್ತರ ಕೊಟ್ಟು ಕಡತ ಮುಚ್ಚಿದ್ದಾರೆ. ಹಾಗೆ ಮುಚ್ಚಿದ್ದು ತಪ್ಪು, ಯಾಕೆಂದರೆ ನಿಮ್ಮ ಪತ್ರದಲ್ಲಿ ಬೇರೆ ಬೇಡಿಕೆಗಳೂ ಇದ್ದದ್ದು ಕಣ್ಣಿದ್ದವರಿಗೆ ಕಾಣಬೇಕಿತ್ತು. ಆದರೆ ಈಗ ನೀವು ಮಾಡಬೇಕಾದದ್ದು ಅವನ್ನು ಬಿಡಿಸಿ ಕೇಳುವುದು.

ನಿಮ್ಮ ಕೇಸಿನಲ್ಲಿ ಬಿಡಿಸಿದರೆ ಹೀಗೆ ಆಗುತ್ತದೆ. ಮೊದಲನೆಯದು ಖರ್ಚು. ರಾತ್ರಿಯ ಊಟ, ವಸತಿ, ಓಡಾಟಕ್ಕೆ ನೀವೇ ಕೊಟ್ಟಿದ್ದರೆ ರಸೀದಿ ಸಮೇತ ಕೇಳಿ. ಎರಡನೆಯದು ತಡದ ಪರಿಹಾರ. ಇದು ಎಲ್ಲಿಂದ ಎಲ್ಲಿಗೆ ಹೋದಿರಿ ಅನ್ನುವುದರ ಮೇಲೆ ಪೂರ್ತಿ ನಿಂತಿದೆ. ಪ್ರಯಾಣ ಐರೋಪ್ಯ ಒಕ್ಕೂಟದ ನಿಲ್ದಾಣದಿಂದ ಶುರುವಾಗಿದ್ದರೆ, ಅಥವಾ ಒಕ್ಕೂಟದ ಕಂಪನಿಯಲ್ಲಿ ಅಲ್ಲಿಗೆ ಹೋಗಿದ್ದರೆ, 2004ರ 261ನೇ ನಿಯಮ ಬರುತ್ತದೆ. ಅದರಲ್ಲಿ ದೂರಕ್ಕೆ ತಕ್ಕಂತೆ ನಿಗದಿತ ಮೊತ್ತ ಇದೆ. ರದ್ದಾದ ವಿಮಾನಕ್ಕೆ ಇದ್ದ ಆ ಮೊತ್ತ 3 ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದವರಿಗೂ ಸಲ್ಲಬೇಕು ಅಂತ ನ್ಯಾಯಾಲಯ 2009ರಲ್ಲಿ ಹೇಳಿತು. ಕಂಪನಿಯ ಕೈಮೀರಿದ ಕಾರಣ ಇದ್ದರೆ ಈ ಮೊತ್ತ ಸಿಗುವುದಿಲ್ಲ. ಆದರೆ ವಿಮಾನದ ಮಾಮೂಲಿ ತಾಂತ್ರಿಕ ದೋಷವನ್ನು ಕೈಮೀರಿದ್ದು ಅಂತ ನ್ಯಾಯಾಲಯ ಒಪ್ಪುವುದಿಲ್ಲ. ಈ ನಿಯಮ ಬರದ ಕಡೆ ಮಾಂಟ್ರಿಯಲ್ ಒಪ್ಪಂದ ಉಳಿಯುತ್ತದೆ. ಅಲ್ಲಿ ನಿಗದಿತ ಮೊತ್ತ ಇಲ್ಲ, ತಡದಿಂದ ಆದ ನಷ್ಟವನ್ನು ನೀವು ತೋರಿಸಬೇಕು. ತಡ ತಪ್ಪಿಸಲು ಸಾಧ್ಯವಿದ್ದ ಎಲ್ಲವನ್ನೂ ಮಾಡಿದೆವು ಅಂತ ಕಂಪನಿ ಸಾಬೀತು ಮಾಡಿದರೆ ಅದಕ್ಕೆ ಹೊಣೆ ಇಲ್ಲ. ನ್ಯಾಯಾಲಯಕ್ಕೆ ಹೋಗಲು 2 ವರ್ಷ ಸಮಯ ಇದೆ. ಮೂರನೆಯದು ಬ್ಯಾಗ್, ಅದರ ಎರಡು ಭಾಗವನ್ನು ಆಗಲೇ ಹೇಳಿದೆ. ನಾಲ್ಕನೆಯದು ಸಣ್ಣದು, ಜನ ಮರೆಯುವಂಥದ್ದು. ತಪ್ಪಿಹೋದ ವಿಮಾನದಲ್ಲಿ ಹಣ ಕೊಟ್ಟು ಸೀಟು ಆರಿಸಿದ್ದರೆ, ಊಟ ಹೇಳಿದ್ದರೆ, ಅದು ಬೆಳಗಿನ ವಿಮಾನದಲ್ಲಿ ಸಿಗದೇ ಇದ್ದರೆ, ಆ ಹಣಕ್ಕೆ ಮಾತ್ರ ನೀವು ರೀಫಂಡ್ ಅನ್ನುವ ಪದ ಬಳಸಬಹುದು.

ವೋಚರ್ ಒಪ್ಪುವ ಮೊದಲು ಅದರ ಜೊತೆ ಬಂದ ಸಾಲುಗಳನ್ನು ಓದಿ. "ಇದರೊಂದಿಗೆ ಎಲ್ಲ ಬೇಡಿಕೆಗಳು ಇತ್ಯರ್ಥವಾದವು" ಅನ್ನುವ ಅರ್ಥದ ಮಾತು ಇದ್ದರೆ ಒಪ್ಪಿದ ಮೇಲೆ ಬ್ಯಾಗಿನ ಹಣವೂ ಕೈಬಿಟ್ಟಂತೆ ಆಗಬಹುದು. ಒಳ್ಳೆಯ ಮನಸ್ಸಿನಿಂದ ಕೊಡುವ ವೋಚರಿಗೆ ಆ ಷರತ್ತು ಬೇಕಾಗಿಲ್ಲ. ಷರತ್ತು ಇದೆಯೋ ಇಲ್ಲವೋ, ಬಳಸಲು ಎಷ್ಟು ಸಮಯ ಇದೆ, ಬೇರೆಯವರಿಗೆ ಕೊಡಬಹುದೋ, ಇವು ವಿಮರ್ಶೆಯಲ್ಲಿ ಇರಲಿ. ಟಿಕೆಟ್ಟನ್ನು ಏಜೆಂಟ್ ಅಥವಾ ಬೇರೆ ತಾಣದ ಮೂಲಕ ಕೊಂಡಿದ್ದರೆ ಅದನ್ನೂ ಹೇಳಿ. ಆಗ ಹಣ ಬಂದ ದಾರಿಯಲ್ಲೇ ವಾಪಸ್ ಹೋಗಬೇಕಾಗುತ್ತದೆ, ಕಂಪನಿ ಬಿಟ್ಟರೂ ಮಧ್ಯದಲ್ಲಿ ನಿಲ್ಲಬಹುದು. ಆ ತಡವನ್ನು ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹಣದ ಭಾಗದಲ್ಲಿ ಕಂಪನಿಯನ್ನು ಹೇಗೆ ತೂಗಬೇಕು? ಎಷ್ಟು ಕೊಟ್ಟರು ಅನ್ನುವುದರಿಂದ ಅಲ್ಲ, ಉತ್ತರ ನಿಮ್ಮ ಕೇಸನ್ನು ಓದಿ ಬರೆದದ್ದೋ ಅನ್ನುವುದರಿಂದ. ನಿಮ್ಮ ವಿಮಾನ ಸಂಖ್ಯೆ, ನಿಮ್ಮ ತಡದ ಕಾರಣ, ನೀವು ಕೇಳಿದ ಒಂದೊಂದು ಬೇಡಿಕೆಗೆ ಒಂದೊಂದು ಸಾಲು ಇದ್ದು, "ಇದು ಕೊಡುತ್ತೇವೆ, ಇದು ಈ ಕಾರಣಕ್ಕೆ ಆಗಲ್ಲ" ಅಂತ ಇದ್ದರೆ, ಆಗಲ್ಲ ಅಂದರೂ ಅದು ಸರಿಯಾದ ಉತ್ತರ. ಎರಡು ಸಲ ಬರೆದರೂ ಒಂದೇ ಪಠ್ಯ ಬಂದರೆ ಓದಿಲ್ಲ ಅಂತಲೇ ಅರ್ಥ.

ಇಷ್ಟೆಲ್ಲ ಇಟ್ಟುಕೊಂಡು ನಿಮ್ಮ ವಿಮರ್ಶೆ ಬರೆದರೆ ಹೆಚ್ಚುಕಡಿಮೆ ಹೀಗಿರಬಹುದು. ಗೊತ್ತಿಲ್ಲದ ಕಡೆ ನಾನು ಊಹಿಸಿದ್ದೇನೆ, ನೀವು ನಡೆದದ್ದನ್ನು ಹಾಕಿಕೊಳ್ಳಿ:

"ಒಂದೇ ಟಿಕೆಟ್, ಎರಡು ವಿಮಾನ, ನಡುವೆ 1 ಗಂಟೆ 50 ನಿಮಿಷ. ಮೊದಲನೆಯದು ಎರಡೂವರೆ ಗಂಟೆ ತಡವಾಗಿ ಹೊರಟು ಎರಡನೆಯದು ತಪ್ಪಿತು. ಕೊನೆಗೆ 11 ಗಂಟೆ 25 ನಿಮಿಷ ತಡವಾಗಿ ತಲುಪಿದೆ. ಗೇಟ್‌ನಲ್ಲಿ ಅರ್ಧರ್ಧ ಗಂಟೆಯಂತೆ ಮುಂದೂಡಿದರು, ಮುಂದಿನ ವಿಮಾನ ತಪ್ಪುತ್ತದೆ ಅಂತ ಯಾರೂ ಹೇಳಲಿಲ್ಲ. ಕಾರಣ ಕೇಳಿದ್ದಕ್ಕೆ 'ಕಾರ್ಯಾಚರಣೆ' ಅಂದರು. ವಿಮಾನದೊಳಗೆ ಒಬ್ಬರು ನನ್ನ ಹತ್ತಿರ ಬಂದು, ಇಳಿದ ಮೇಲೆ ಯಾವ ಕೌಂಟರಿಗೆ ಹೋಗಬೇಕು ಅಂತ ಬರೆದುಕೊಟ್ಟರು. ಆ ಕೌಂಟರ್‌ನಲ್ಲಿ ಬ್ಯಾಗ್ ಬಗ್ಗೆ ಕೇಳಿದರೆ ಆಪ್ ನೋಡಿ ಅಂದರು. ಬ್ಯಾಗ್ ಇಡೀ ರಾತ್ರಿ ಅದೇ ನಿಲ್ದಾಣದಲ್ಲಿದ್ದರೂ ಬೆಳಗಿನ ವಿಮಾನಕ್ಕೆ ಏರಲಿಲ್ಲ, ಮೂರು ದಿನ ಬಿಟ್ಟು ಬಂತು, ಒಂದು ಚಕ್ರ ಗೂಡಿನ ಸಮೇತ ಕಿತ್ತಿತ್ತು. ಯಾಕೆ ಏರಲಿಲ್ಲ ಅಂತ ಬರಹದಲ್ಲಿ ಕೇಳಿದ್ದೇನೆ. ರೀಫಂಡ್ ಕೇಳಿದಾಗ ಪ್ರಯಾಣ ಮುಗಿದಿದೆ ಅಂತ ನಿರಾಕರಿಸಿ ವೋಚರ್ ಕೊಡುತ್ತೇವೆ ಅಂದರು. ಖರ್ಚು, ತಡ, ಬ್ಯಾಗ್ ಮೂರನ್ನೂ ಬೇರೆ ಬೇರೆಯಾಗಿ ಈಗ ಕೇಳಿದ್ದೇನೆ, ಉತ್ತರ ಬಂದ ಮೇಲೆ ಇಲ್ಲೇ ಸೇರಿಸುತ್ತೇನೆ."

ಇದರಲ್ಲಿ ಬೈಗುಳ ಒಂದೂ ಇಲ್ಲ. ಆದರೂ ಅದೇ ದಾರಿಯಲ್ಲಿ ಹೋಗುವವರಿಗೆ ಏನು ಕಾದಿದೆ ಅಂತ ಗೊತ್ತಾಗುತ್ತದೆ. ದೂರು ವಿಭಾಗದವರು ಓದಿದರೆ ತಳ್ಳಿಹಾಕಲು ಒಂದು ಸಾಲೂ ಸಿಗುವುದಿಲ್ಲ.

ನಕ್ಷತ್ರ ಕೊಡುವ ಜಾಗದಲ್ಲಿ ನಾಲ್ಕು ವಿಷಯಕ್ಕೂ ಬೇರೆ ಬೇರೆ ಕೊಡುವ ಅವಕಾಶ ಇದ್ದರೆ ಹಾಗೇ ಕೊಡಿ. ಒಟ್ಟಿಗೆ ಒಂದೇ ಕೊಡಬೇಕಾಗಿದ್ದರೆ ಕೇಳಿದ್ದಕ್ಕೆಲ್ಲ ಉತ್ತರ ಬರುವವರೆಗೆ, ಇಲ್ಲವೇ ಉತ್ತರಕ್ಕೆ ನೀವು ಕಂಪನಿಗೆ ಕೊಟ್ಟ ಗಡುವು ಮುಗಿಯುವವರೆಗೆ ಕಾಯಿರಿ.

ಹಾಕುವ ಮೊದಲು ಫೋಟೋಗಳನ್ನು ಒಮ್ಮೆ ನೋಡಿ. ಬೋರ್ಡಿಂಗ್ ಪಾಸ್ ಹಾಕಲೇಬೇಡಿ. ಹೆಸರು, ಆರು ಅಕ್ಷರದ ಪಿಎನ್‌ಆರ್ ಎರಡೂ ಗೊತ್ತಾದರೆ ಎಷ್ಟೋ ಕಂಪನಿಗಳ ತಾಣದಲ್ಲಿ ಯಾರು ಬೇಕಾದರೂ ನಿಮ್ಮ ಬುಕಿಂಗ್ ತೆರೆಯಬಹುದು. ಹೆಸರಿನ ಮೇಲೆ ಮಸಿ ಬಳಿದರೂ ಅದರ ಬಾರ್‌ಕೋಡ್‌ನಲ್ಲಿ ಅವೆರಡೂ ಇರುತ್ತವೆ. ಬ್ಯಾಗಿನ ಪಟ್ಟಿಯ ಫೋಟೋ ಹಾಕುವುದಾದರೆ ಹೆಸರು, ಪಿಎನ್‌ಆರ್, ಬಾರ್‌ಕೋಡ್ ಪೂರ್ತಿ ಮುಚ್ಚಿ, ದಿನಾಂಕ ಮತ್ತು ವಿಮಾನ ಸಂಖ್ಯೆ ಮಾತ್ರ ಕಾಣುವಂತೆ ಬಿಡಿ. ಪಿಐಆರ್ ಸಂಖ್ಯೆಯನ್ನೂ ಮುಚ್ಚಿ. ಅದು ಕಂಪನಿಗೆ ಬರೆಯುವ ಪತ್ರದಲ್ಲಿ ಇದ್ದರೆ ಸಾಕು.